ಹಿಂದಿನ ದಿನವೇ ಗೇಟು ಮುಟ್ಟಿ ಬನ್ನಿ

ರಾಣೆಬೆನ್ನೂರಿನಿಂದ ಅಕ್ಕನ ಮಗಳು ಫೋನ್ ಮಾಡಿದಾಗ ಅವಳ ದನಿಯಲ್ಲಿ ನಿರಾಳವಿತ್ತು. "ಮಾಮಾ, ಭಾನುವಾರದ ಪರೀಕ್ಷೆಗೆ ನನ್ನ ಸೆಂಟರ್ ಕಲ್ಯಾಣ ನಗರ ಬಂದೈತ್ರಿ. ನಿಮ್ಮ ಮನಿಗೆ ಹತ್ರ ಆಕ್ಕೈತೇನ್ರಿ?" ಎಂದು ಕೇಳಿದಳು. ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ನಾಗರಬಾವಿ ಕಡೆಗೆ ಹೋಗುವಾಗ ಮೂಡಲಪಾಳ್ಯದ ಹತ್ತಿರ ಕಲ್ಯಾಣ ನಗರ ಸಿಗುತ್ತದೆ. ಇಪ್ಪತ್ತು ವರ್ಷದಿಂದ ಆ ಹೆಸರು ಕೇಳಿದರೆ ನನ್ನ ಕಣ್ಣಿಗೆ ಬರುವುದು ಅದೇ ಜಾಗ. "ಹತ್ತಿರವೇ, ಆಟೊದಲ್ಲಿ ಹತ್ತು ನಿಮಿಷ, ಶನಿವಾರ ರಾತ್ರಿ ರೈಲು ಹತ್ತಿ ಭಾನುವಾರ ಬೆಳಗ್ಗೆ ಬಂದರೂ ನಡೆಯುತ್ತದೆ" ಎಂದುಬಿಟ್ಟೆ.

ಪ್ರವೇಶ ಪತ್ರದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದು ಆಮೇಲೆ. ವಿಳಾಸದ ಕೊನೆಯಲ್ಲಿ 560043 ಎಂದಿತ್ತು. ನಮ್ಮ ಕಡೆಯ ಕಲ್ಯಾಣ ನಗರ ನಾಗರಬಾವಿ ಅಂಚೆಗೆ ಸೇರಿದ್ದು, ಅದರ ಪಿನ್ 560072. 560043 ಎಂದರೆ ಊರಿನ ಇನ್ನೊಂದು ತುದಿ: ಬಾಣಸವಾಡಿ, ಹೆಣ್ಣೂರು, ಹೊರಮಾವು ಸುತ್ತಲಿನ ಕಲ್ಯಾಣ ನಗರ. ಎರಡರ ನಡುವೆ ಹದಿನೈದು ಕಿಲೋಮೀಟರಿಗೂ ಹೆಚ್ಚು ದೂರ, ಮಧ್ಯೆ ಇಡೀ ಬೆಂಗಳೂರು. ಧಾರವಾಡದಲ್ಲಿ ಒಂದು ಕಲ್ಯಾಣ ನಗರವಿದೆ, ಹೈದರಾಬಾದಿನಲ್ಲೂ ಇದೆ. ಆದರೆ ಅವು ಬೇರೆ ಊರಾದ್ದರಿಂದ ಯಾರೂ ಮೋಸ ಹೋಗುವುದಿಲ್ಲ. ಒಂದೇ ಊರಿನಲ್ಲಿ ಎರಡು ಇರುವುದೇ ಅಪಾಯ. ನಾನು ಮಾತಿನಲ್ಲಿ ಹೇಳಿದ್ದನ್ನು ನಂಬಿ ಅವಳು ಭಾನುವಾರ ಬೆಳಗ್ಗೆ ಬಂದಿಳಿದಿದ್ದರೆ, ಮೂಡಲಪಾಳ್ಯದ ರಸ್ತೆಗಳಲ್ಲಿ ಕಾಲೇಜು ಹುಡುಕುತ್ತಾ ನಾವಿಬ್ಬರೂ ಆ ಪರೀಕ್ಷೆಯನ್ನು ಕಳೆದುಕೊಳ್ಳುತ್ತಿದ್ದೆವು.

ಶುಕ್ರವಾರ ರಾತ್ರಿಯೇ ಹೊರಡಲು ಹೇಳಿದೆ. ಶನಿವಾರ ಇಡೀ ದಿನವನ್ನು ಕೇಂದ್ರದ ಗೇಟು ಹುಡುಕಲು ಇಟ್ಟುಕೊಂಡೆವು. ಅಂದು ತಿಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಕೆಪಿಎಸ್‌ಸಿ ಇರಲಿ, ಕೆಇಎ ನಡೆಸುವ ನೇಮಕಾತಿ ಪರೀಕ್ಷೆ ಇರಲಿ, ನೀಟ್ ಇರಲಿ, ಪರ ಊರಿನಿಂದ ಬೆಂಗಳೂರಿನ ಪೂರ್ವ ಭಾಗಕ್ಕೆ ಬರುವ ಮಕ್ಕಳಿಗೆ ಎದುರಾಗುವ ತೊಡಕು ಒಂದೇ.

ಮೊದಲು ಕಲ್ಯಾಣ ನಗರ ಎಂಬ ಹೆಸರನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಅಲ್ಲಿ ಆ ಹೆಸರು ಒಂದು ಬಡಾವಣೆಯ ಗೆರೆಯೊಳಗೆ ನಿಲ್ಲುವುದಿಲ್ಲ. ಹೊರ ವರ್ತುಲ ರಸ್ತೆಯ ಒಂದು ನಿಲ್ದಾಣಕ್ಕೆ ಆ ಹೆಸರಿದೆ, ಅಂಚೆಗೂ ಆ ಹೆಸರಿದೆ. 'ಕಲ್ಯಾಣ ನಗರ ಪೋಸ್ಟ್' ಎಂದು ಬರೆದುಕೊಳ್ಳುವ ಕಟ್ಟಡ ನಿಜವಾಗಿ ವರ್ತುಲ ರಸ್ತೆಯಾಚೆ ಬಾಬುಸಾಪಾಳ್ಯದಲ್ಲಿರಬಹುದು, ಚೇಳಕೆರೆಯಲ್ಲಿರಬಹುದು, ಈಚೆಗೆ ಬಿಡಿಎ ಬಡಾವಣೆಗಳಲ್ಲೂ ಇರಬಹುದು. ಆ ಬಡಾವಣೆಗಳ ಹೆಸರುಗಳೋ ಒಂದಕ್ಕೊಂದು ಅಂಟಿಕೊಂಡಂತಿವೆ. ಎಚ್‌ಬಿಆರ್ ಎಂದರೆ ಹೆಣ್ಣೂರು–ಬಳ್ಳಾರಿ ರಸ್ತೆ ಬಡಾವಣೆ. ಎಚ್‌ಆರ್‌ಬಿಆರ್ ಎಂದರೆ ಹೆಣ್ಣೂರು ರಸ್ತೆ–ಬಾಣಸವಾಡಿ ರಸ್ತೆ ಬಡಾವಣೆ. ಸ್ವಲ್ಪ ದಕ್ಷಿಣಕ್ಕೆ ಓಲ್ಡ್ ಮದ್ರಾಸ್ ರಸ್ತೆಯ ಹೆಸರಿನ ಒಎಂಬಿಆರ್ ಇದೆ. ಹೆಣ್ಣೂರು ಮುಖ್ಯರಸ್ತೆಯ ಪಶ್ಚಿಮಕ್ಕೆ, ನಾಗವಾರದ ಕಡೆಗಿರುವುದು ಎಚ್‌ಬಿಆರ್. ಪೂರ್ವಕ್ಕೆ, ಬಾಣಸವಾಡಿಯ ಕಡೆಗಿರುವುದು ಎಚ್‌ಆರ್‌ಬಿಆರ್. ನಡುವೆ ಒಂದೇ ಒಂದು 'ಆರ್' ಅಕ್ಷರ.

ಈ ಒಂದು ಅಕ್ಷರ ಏಕೆ ಮುಖ್ಯವೆಂದರೆ, ಎರಡೂ ಬಡಾವಣೆಗಳಲ್ಲಿ ಒಂದನೇ ಬ್ಲಾಕ್, ಎರಡನೇ ಬ್ಲಾಕ್ ಎಂದು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಎಚ್‌ಬಿಆರ್‌ನಲ್ಲಿ ಐದು ಬ್ಲಾಕ್, ಎಚ್‌ಆರ್‌ಬಿಆರ್‌ನಲ್ಲಿ ಮೂರು. ಬ್ಲಾಕುಗಳ ಒಳಗೆ ಮತ್ತೆ ಒಂದನೇ ಮೇನ್, ಎರಡನೇ ಕ್ರಾಸ್ ಎಂಬ ಎಣಿಕೆ. ಹಾಗಾಗಿ '5ನೇ ಮೇನ್, 2ನೇ ಬ್ಲಾಕ್, ಕಲ್ಯಾಣ ನಗರ ಪೋಸ್ಟ್' ಎಂದಷ್ಟೇ ಬರೆದರೆ ಅದು ಪೂರ್ತಿ ವಿಳಾಸವಾಗುವುದಿಲ್ಲ. ನನ್ನ ಅಕ್ಕನ ಮಗಳ ಪ್ರವೇಶ ಪತ್ರದಲ್ಲಿ ಇದ್ದದ್ದು ಇಂಥದೇ ವಿಳಾಸ. ಕಾಲೇಜಿನ ಹೆಸರು, ಮೇನ್, ಬ್ಲಾಕ್, ಪೋಸ್ಟ್, ಪಿನ್ ಎಲ್ಲವೂ ಇತ್ತು. ಬಡಾವಣೆಯ ಹೆಸರೊಂದೇ ಇರಲಿಲ್ಲ. ಪಿನ್‌ಕೋಡ್ ನಮ್ಮನ್ನು ಮೂಡಲಪಾಳ್ಯದಿಂದ ಪಾರು ಮಾಡಿತು ನಿಜ. ಆದರೆ ಎಚ್‌ಬಿಆರ್ ಯಾವುದು, ಎಚ್‌ಆರ್‌ಬಿಆರ್ ಯಾವುದು ಎಂದು ಅದು ಹೇಳಲಾರದು, ಏಕೆಂದರೆ 560043 ಎಂಬುದು ಎರಡೂ ಕಡೆ ನಡೆಯುತ್ತದೆ.

ಆದ್ದರಿಂದ ಪ್ರವೇಶ ಪತ್ರದ ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು. ಮೊದಲು ಪಿನ್ ನೋಡಿ ಊರಿನ ಯಾವ ದಿಕ್ಕು ಎಂದು ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಬಡಾವಣೆ, ಆಮೇಲೆ ಬ್ಲಾಕ್. ಮೇನ್ ಮತ್ತು ಕ್ರಾಸ್ ಕೊನೆಯಲ್ಲಿ. ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟುಹೋಗಿದ್ದರೂ ಅದನ್ನು ಊಹಿಸಿಕೊಳ್ಳಬಾರದು. ಕೇಂದ್ರಕ್ಕೆ ಫೋನ್ ಮಾಡಿ ಕೇಳಬೇಕು, ಇಲ್ಲವೇ ಕಾಲಿಟ್ಟು ನೋಡಬೇಕು. ವಿಳಾಸದಲ್ಲಿ 'ಬಿಡಿಎ ಕಾಂಪ್ಲೆಕ್ಸ್ ಹತ್ತಿರ' ಎಂದಿದ್ದರೆ ಅದನ್ನೂ ಪೂರ್ತಿ ನಂಬಬೇಡಿ. ಎಚ್‌ಆರ್‌ಬಿಆರ್‌ನಲ್ಲಿ ಇರುವಂತೆಯೇ ಇಂದಿರಾನಗರ, ಕೋರಮಂಗಲ, ಬನಶಂಕರಿಯಲ್ಲೂ ಬಿಡಿಎ ಕಾಂಪ್ಲೆಕ್ಸ್‌ಗಳಿವೆ. 'ಹೆಣ್ಣೂರು' ಎಂದು ಬಸ್ಸಿನಲ್ಲಿ ಕೇಳಿದರೆ ಹೆಣ್ಣೂರು ಕ್ರಾಸೋ, ಹೆಣ್ಣೂರು ಬಂಡೆಯೋ ಎಂದು ಕಂಡಕ್ಟರ್ ತಿರುಗಿ ಕೇಳುತ್ತಾರೆ. ಇವೆರಡೂ ಬೇರೆ ಬೇರೆ ನಿಲ್ದಾಣ.

ಶುಕ್ರವಾರ ಸಂಜೆ ನಾನು ಮ್ಯಾಪ್ ತೆರೆದು ಕಾಲೇಜಿನ ಹೆಸರು ಹಾಕಿದೆ. ಎರಡು ಕಡೆ ಕೆಂಪು ಗುರುತು ಬಂತು. ಒಂದು ಎಚ್‌ಆರ್‌ಬಿಆರ್ ಎರಡನೇ ಬ್ಲಾಕಿನಲ್ಲಿ, ಇನ್ನೊಂದು ಎಚ್‌ಬಿಆರ್ ಎರಡನೇ ಬ್ಲಾಕಿನಲ್ಲಿ. ಒಂದೇ ಟ್ರಸ್ಟಿನ ಎರಡು ಆವರಣ. ಮೊದಲನೆಯದಕ್ಕೆ ಹೆಚ್ಚು ಫೋಟೊ, ಹೆಚ್ಚು ಅಭಿಪ್ರಾಯಗಳಿದ್ದವು, ಹಾಗಾಗಿ ಮ್ಯಾಪ್ ಅದನ್ನೇ ಮೇಲೆ ತೋರಿಸುತ್ತಿತ್ತು. ಕೇಂದ್ರ ಅದೇ ಎಂದುಕೊಳ್ಳಲು ಇಷ್ಟು ಸಾಕು, ಮತ್ತು ಬಹಳ ಜನ ಎಡವುವುದು ಇಲ್ಲಿಯೇ. ಬೆಂಗಳೂರಿನ ಶಿಕ್ಷಣ ಸಂಸ್ಥೆಗಳಿಗೆ ಒಂದೇ ಹೆಸರಿನಲ್ಲಿ ಹಲವು ಆವರಣಗಳಿರುವುದು ಸಾಮಾನ್ಯ. ಇದೇ ಭಾಗದ ಸಿಎಂಆರ್ ಹೆಸರನ್ನೇ ತೆಗೆದುಕೊಳ್ಳಿ. ಆ ಹೆಸರಿನ ಸಂಸ್ಥೆಗಳು ಎಚ್‌ಆರ್‌ಬಿಆರ್‌ನಲ್ಲಿವೆ, ಒಎಂಬಿಆರ್‌ನಲ್ಲಿವೆ, ಬಾಗಲೂರಿನ ಕಡೆ ಇವೆ, ಐಟಿಪಿಎಲ್ ರಸ್ತೆಯಲ್ಲೂ ಇವೆ. ನಮ್ಮ ಕಾಲೇಜು ಅದಲ್ಲ, ಬೇರೆಯದು. ಆದರೆ ಸಮಸ್ಯೆಯ ಬಗೆ ಒಂದೇ. ಪ್ರವೇಶ ಪತ್ರದಲ್ಲಿ 'ಪದವಿಪೂರ್ವ ಕಾಲೇಜು' ಎಂದಿದೆಯೋ, 'ಪ್ರಥಮ ದರ್ಜೆ ಕಾಲೇಜು' ಎಂದಿದೆಯೋ, 'ಹೈಸ್ಕೂಲ್' ಎಂದಿದೆಯೋ ಎಂಬುದನ್ನು ಅಕ್ಷರ ಅಕ್ಷರವಾಗಿ ನೋಡಬೇಕು. ಟ್ರಸ್ಟಿನ ಹೆಸರು ಹೊಂದಿದರೆ ಸಾಲದು.

ಕಂಪ್ಯೂಟರ್ ಮೂಲಕ ಬರೆಯುವ ಪರೀಕ್ಷೆಗಳ ಕಷ್ಟ ಇನ್ನೊಂದು ಬಗೆಯದು. ಆ ಕೇಂದ್ರಗಳು ಎಷ್ಟೋ ಸಲ ಶಾಲೆಯಲ್ಲಿರದೆ ವಾಣಿಜ್ಯ ಕಟ್ಟಡದ ಎರಡನೆಯದೋ ಮೂರನೆಯದೋ ಮಹಡಿಯಲ್ಲಿರುತ್ತವೆ. ಕೆಳಗೆ ಬ್ಯಾಂಕೋ ಪೀಠೋಪಕರಣದ ಅಂಗಡಿಯೋ ಇರುತ್ತದೆ. ರಸ್ತೆಯಿಂದ ನೋಡಿದರೆ ಪರೀಕ್ಷಾ ಕೇಂದ್ರವೆಂಬ ಸುಳಿವೇ ಇರುವುದಿಲ್ಲ. ಅಲ್ಲಿಗೂ ಹಿಂದಿನ ದಿನ ಹೋಗಿ ಮೆಟ್ಟಿಲು ಎಲ್ಲಿಂದ ಎಂದು ನೋಡಿಕೊಳ್ಳದೆ ಬೇರೆ ದಾರಿಯಿಲ್ಲ.

ಶನಿವಾರ ಬೆಳಗ್ಗೆ ಅವಳು ಬಂದು ಸ್ನಾನ, ತಿಂಡಿ ಮುಗಿಸಿದ ಮೇಲೆ ಹೊರಟೆವು. ಮರುದಿನ ಹೇಗೆ ಹೋಗಬೇಕೆಂದುಕೊಂಡಿದ್ದೆವೋ ಹಾಗೆಯೇ, ಅದೇ ವಾಹನಗಳಲ್ಲಿ ಹೋಗಬೇಕೆಂದು ಮೊದಲೇ ತೀರ್ಮಾನಿಸಿದ್ದೆ. ಹಿಂದಿನ ದಿನ ಯಾರದೋ ಬೈಕಿನಲ್ಲಿ ಹೋಗಿ ನೋಡಿ ಬಂದು, ಪರೀಕ್ಷೆಯ ದಿನ ಬಸ್ಸು ಹತ್ತಿದರೆ ನೋಡಿದ್ದು ಕೆಲಸಕ್ಕೆ ಬರುವುದಿಲ್ಲ. ಬೈಕು ನುಗ್ಗುವ ಗಲ್ಲಿಯಲ್ಲಿ ಬಸ್ಸು ಬರುವುದಿಲ್ಲ. ಮ್ಯಾಪ್‌ನಲ್ಲಿ ಬೈಕಿನ ಗುರುತು ಒತ್ತಿದರೆ ತೋರಿಸುವ ಸಮಯವೂ ಕಾರಿನ ಗುರುತು ಒತ್ತಿದರೆ ತೋರಿಸುವ ಸಮಯವೂ ಬೇರೆ ಬೇರೆ. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಬೈಯಪ್ಪನಹಳ್ಳಿಗೆ, ಅಲ್ಲಿಂದ ಆಟೊದಲ್ಲಿ ಬಾಣಸವಾಡಿ, ಕಮ್ಮನಹಳ್ಳಿ ದಾಟಿ ಮುಂದಕ್ಕೆ. ಇದು ನಮ್ಮ ದಾರಿ. ಕಲ್ಯಾಣ ನಗರಕ್ಕೆ ಮೆಟ್ರೊ ಇನ್ನೂ ಇಲ್ಲ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗದಲ್ಲಿ ಆ ಹೆಸರಿನ ನಿಲ್ದಾಣ ಬರಲಿದೆ, ಅದರ ಕಾಮಗಾರಿ ಹೊರ ವರ್ತುಲ ರಸ್ತೆಯಲ್ಲಿ ನಡೆಯುತ್ತಿದೆ. ಆದ್ದರಿಂದ ಯಾರಾದರೂ 'ಕಲ್ಯಾಣ ನಗರ ಮೆಟ್ರೊ ಹತ್ತಿರ' ಎಂದು ದಾರಿ ಹೇಳಿದರೆ, ಅದು ಕಂಬಗಳ ಗುರುತು, ರೈಲು ಇಳಿಯುವ ಜಾಗವಲ್ಲ.

ಮೊದಲು ಮ್ಯಾಪ್ ಮೇಲೆ ತೋರಿಸಿದ ಎಚ್‌ಆರ್‌ಬಿಆರ್ ಆವರಣಕ್ಕೆ ಹೋದೆವು. ದೊಡ್ಡ ಕಟ್ಟಡ, ದೊಡ್ಡ ಗೇಟು, ಬೋರ್ಡಿನ ಮೇಲೆ ಟ್ರಸ್ಟಿನ ಹೆಸರು. "ಇಲ್ಲೇ ಐತಿ ನೋಡ್ರಿ ಮಾಮಾ" ಎಂದು ಅವಳು ಫೋಟೊ ತೆಗೆಯಲು ಹೊರಟಳು. ನಾನು ಕಾವಲುಗಾರರ ಹತ್ತಿರ ಹೋಗಿ, ಇದು ಪರೀಕ್ಷಾ ಕೇಂದ್ರವೇ ಎಂದು ಕೇಳದೆ, ನಾಳೆ ಇಲ್ಲಿ ಯಾವ ಪರೀಕ್ಷೆ ಇದೆ ಎಂದು ಕೇಳಿದೆ. ಹಾಗೆ ಕೇಳುವುದರಲ್ಲಿ ವ್ಯತ್ಯಾಸವಿದೆ. ಇದೇನಾ ಎಂದು ಕೇಳಿದರೆ ಹೌದೆನ್ನುವುದು ಎಲ್ಲರಿಗೂ ಸುಲಭ. "ನಾಳೆ ಏನೂ ಇಲ್ಲ ಸಾರ್. ಇದು ಸ್ಕೂಲು. ಎಕ್ಸಾಮ್ ಏನಿದ್ರೂ ಕಾಲೇಜಲ್ಲಿ ಹಾಕ್ತಾರೆ, ಹೆಣ್ಣೂರು ರೋಡ್ ದಾಟ್ಕೊಂಡು ಹೋಗ್ಬೇಕು" ಎಂದರು.

ಎಚ್‌ಬಿಆರ್ ಕಡೆಯ ಕಾಲೇಜಿಗೆ ಮತ್ತೊಂದು ಆಟೊ. ಇಲ್ಲಿ ಬೋರ್ಡಿನ ಮೇಲಿನ ಹೆಸರು ಪ್ರವೇಶ ಪತ್ರದ ಹೆಸರಿಗೆ ಅಕ್ಷರಶಃ ಹೊಂದಿತು. ಮ್ಯಾಪಿನ ಗುರುತು ನಮ್ಮನ್ನು ಕಟ್ಟಡದ ಮುಂಬಾಗಿಲಿಗೆ ತಂದು ನಿಲ್ಲಿಸಿತ್ತು. ಆದರೆ ಆ ಗೇಟಿಗೆ ಬೀಗ. ಕಟ್ಟಡವನ್ನು ಸುತ್ತು ಹಾಕಿ, ಹಿಂದಿನ ಕ್ರಾಸಿಗೆ ಹೋದಾಗ ಸಣ್ಣದೊಂದು ಗೇಟು ತೆರೆದಿತ್ತು. ಒಳಗೆ ಇಬ್ಬರು ಸಿಬ್ಬಂದಿ ಬೆಂಚುಗಳ ಮೇಲೆ ನೋಂದಣಿ ಸಂಖ್ಯೆಯ ಚೀಟಿ ಅಂಟಿಸುತ್ತಿದ್ದರು. ನಾಳೆಯ ಪರೀಕ್ಷೆಯ ಹೆಸರು ಹೇಳಿದೆ, ಹೌದೆಂದರು. ಕೇಂದ್ರದ ಕೋಡ್ ಸಂಖ್ಯೆಯನ್ನು ಓದಿ ಹೇಳಿದೆ, ಅದೂ ಸರಿ ಎಂದರು. ಅಭ್ಯರ್ಥಿಗಳಿಗೆ ಪ್ರವೇಶ ಈ ಹಿಂದಿನ ಗೇಟಿನಿಂದಲೇ, ಮುಂದಿನದು ತೆರೆಯುವುದಿಲ್ಲ ಎಂಬ ಮಾತೂ ಬಂತು.

ಒಂದು ಕೇಂದ್ರ ಖಚಿತವಾಗಿದೆ ಎನ್ನಲು ಹೆಸರು, ಕೋಡ್ ಮತ್ತು ಅಲ್ಲಿರುವ ಮನುಷ್ಯನ ಮಾತು ಮೂರೂ ಒಂದನ್ನೇ ಹೇಳಬೇಕು. ಎರಡು ಹೊಂದಿ ಒಂದು ಹೊಂದದಿದ್ದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಒಂದೇ ಆವರಣದಲ್ಲಿ ಎರಡು ಕೇಂದ್ರಗಳನ್ನು ಮಾಡಿ, ಒಂದಕ್ಕೆ ಮುಂದಿನ ಗೇಟು, ಇನ್ನೊಂದಕ್ಕೆ ಪಕ್ಕದ ಗೇಟು ಕೊಡುವುದೂ ಉಂಟು. ಆಗ ಕೋಡ್ ಒಂದೇ ಅವೆರಡನ್ನು ಬೇರ್ಪಡಿಸುವ ಗುರುತು. ಹಿಂದಿನ ದಿನ ಒಳಗೆ ಬಿಡಲಿ ಎಂದು ನಿರೀಕ್ಷಿಸಬಾರದು, ಬಿಡುವುದೂ ಇಲ್ಲ. ಕೊಠಡಿ ನೋಡುವ ಅಗತ್ಯವೂ ಇಲ್ಲ. ಗೇಟಿನ ಮುಂದೆ ನಿಂತು, ಫೋನಿನಲ್ಲಿ ಆ ಜಾಗದ ಲೊಕೇಶನ್ ಉಳಿಸಿಕೊಂಡು, ಅಪ್ಪನಿಗೋ ಅಣ್ಣನಿಗೋ ಕಳಿಸಿದರೆ ಸಾಕು. ಹಾಗೆ ಉಳಿಸಿದ ಗುರುತು ಗೇಟಿನದು, ಕಟ್ಟಡದ ಹೆಸರಿನದಲ್ಲ. ಮರುದಿನ ಆಟೊದವರಿಗೆ ತೋರಿಸಬೇಕಾದ್ದು ಅದನ್ನು.

ಇನ್ನು ಸಮಯದ ಲೆಕ್ಕ. ಬಹಳ ಮಕ್ಕಳು ಪರೀಕ್ಷೆ ಎಷ್ಟು ಗಂಟೆಗೆ ಎಂದು ಹೇಳುತ್ತಾರೆ, ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಕೇಳಿದರೆ ಪ್ರವೇಶ ಪತ್ರ ತೆಗೆದು ಹುಡುಕುತ್ತಾರೆ. ಲೆಕ್ಕ ಶುರುವಾಗಬೇಕಾದ್ದು ಎರಡನೆಯದರಿಂದ. ನೀಟ್ ಮಧ್ಯಾಹ್ನ ಎರಡಕ್ಕೆ, ಗೇಟು ಒಂದೂವರೆಗೆ ಮುಚ್ಚುತ್ತದೆ. ಯುಪಿಎಸ್‌ಸಿ ಪ್ರಿಲಿಮ್ಸ್ 2025ರಲ್ಲಿ ಬೆಳಗಿನ ಪತ್ರಿಕೆ ಒಂಬತ್ತೂವರೆಗೆ ಇತ್ತು, ಪ್ರವೇಶ ಒಂಬತ್ತಕ್ಕೇ ನಿಂತಿತು. ಮಧ್ಯಾಹ್ನದ ಪತ್ರಿಕೆಗೂ ಅರ್ಧ ಗಂಟೆ ಮುಂಚೆ. ಪರೀಕ್ಷೆಯಿಂದ ಪರೀಕ್ಷೆಗೆ ಈ ಅಂತರ ಬದಲಾಗುತ್ತದೆ, ಹಾಗಾಗಿ ಹೋದ ಸಲದ ನೆನಪಿನ ಮೇಲೆ ಹೋಗಬಾರದು. ಗೇಟಿನ ಮುಂದೆ ಸಾಲು, ಗುರುತಿನ ಚೀಟಿ ಪರಿಶೀಲನೆ, ಮೈ ತಪಾಸಣೆ ಇವೆಲ್ಲಕ್ಕೆ ಸಮಯ ಬೇರೆ ಬೇಕು.

ನಮ್ಮ ಪರೀಕ್ಷೆ ಹತ್ತು ಗಂಟೆಗೆ, ಪ್ರವೇಶ ಒಂಬತ್ತೂವರೆಯವರೆಗೆ. ಒಂಬತ್ತಕ್ಕೆ ಮುಂಚೆ, ಎಂಟು ನಲವತ್ತೈದಕ್ಕೆ ಸಾಲಿನಲ್ಲಿ ನಿಂತಿರಬೇಕೆಂದು ಇಟ್ಟುಕೊಂಡೆವು. ಅಲ್ಲಿಂದ ಹಿಂದಕ್ಕೆ ಎಣಿಸಿದೆವು. ಶನಿವಾರ ಬೈಯಪ್ಪನಹಳ್ಳಿಯಿಂದ ಆಟೊಗೆ ಹಿಡಿದದ್ದು ಮೂವತ್ತೈದು ನಿಮಿಷ. ಮೆಟ್ರೊದಲ್ಲಿ ಹತ್ತಿರ ಹತ್ತಿರ ನಲವತ್ತು. ಮನೆಯಿಂದ ವಿಜಯನಗರ ನಿಲ್ದಾಣಕ್ಕೆ ನಡೆಯಲು ಹತ್ತು. ಒಟ್ಟು ಒಂದೂ ಕಾಲು ಗಂಟೆಯ ಮೇಲೆ. ಏಳಕ್ಕೆ ಹೊರಟರೆ ಸರಿಹೋಗುತ್ತದೆ ಎನ್ನುವಷ್ಟರಲ್ಲಿ ನೆನಪಾದದ್ದು, ಭಾನುವಾರ ನಮ್ಮ ಮೆಟ್ರೊ ಸಾಮಾನ್ಯವಾಗಿ ಶುರುವಾಗುವುದೇ ಬೆಳಗ್ಗೆ ಏಳಕ್ಕೆ. ಅದೂ ಕೊನೆಯ ನಿಲ್ದಾಣದಿಂದ. ಚಲ್ಲಘಟ್ಟ ಬಿಟ್ಟ ರೈಲು ವಿಜಯನಗರಕ್ಕೆ ಬರಲು ಇನ್ನಷ್ಟು ನಿಮಿಷ. ಕೆಲವು ದೊಡ್ಡ ಪರೀಕ್ಷೆಗಳ ದಿನ ಬಿಎಂಆರ್‌ಸಿಎಲ್ ಬೇಗ ರೈಲು ಓಡಿಸಿದ್ದುಂಟು, ಆದರೆ ಪ್ರಕಟಣೆ ನೋಡದೆ ಅದನ್ನು ನಂಬುವಂತಿಲ್ಲ. ನಮ್ಮ ಪರೀಕ್ಷೆಗೆ ಅಂಥ ಪ್ರಕಟಣೆ ಇರಲಿಲ್ಲ. ಮೊದಲ ರೈಲು ಹತ್ತಿದರೆ ಎಂಟೂಕಾಲರ ಒಳಗೆ ಬೈಯಪ್ಪನಹಳ್ಳಿ, ಒಂಬತ್ತರ ಒಳಗೆ ಗೇಟು. ಸಮಯ ಸಾಕಿತ್ತು, ಆದರೆ ನಾವು ಅಂದುಕೊಂಡಷ್ಟು ಇರಲಿಲ್ಲ. ಹತ್ತು ಗಂಟೆಯ ಪರೀಕ್ಷೆಗೇ ಹೀಗಾದರೆ, ಒಂಬತ್ತಕ್ಕೆ ಬಾಗಿಲು ಮುಚ್ಚುವ ಪರೀಕ್ಷೆಗೆ ಊರಿನ ಪಶ್ಚಿಮದಿಂದ ಪೂರ್ವಕ್ಕೆ ಹೋಗುವವರು ಮೆಟ್ರೊವನ್ನು ನಂಬಿ ಕೂರುವಂತಿಲ್ಲ.

ಶನಿವಾರದ ಅಳತೆ ಭಾನುವಾರಕ್ಕೆ ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾನುವಾರ ಬೆಳಗ್ಗೆ ಕಚೇರಿಗೆ ಹೋಗುವವರ ವಾಹನ ಇರುವುದಿಲ್ಲ, ಶಾಲೆ ಬಸ್ಸುಗಳಿಲ್ಲ. ಆದರೆ ನಗರ ಸಾರಿಗೆ ಬಸ್ಸುಗಳೂ ಕಡಿಮೆ. ಲಿಂಗರಾಜಪುರ, ಕಮ್ಮನಹಳ್ಳಿ ಸುತ್ತ ಚರ್ಚುಗಳು ಹೆಚ್ಚು. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಅವುಗಳ ಮುಂದಿನ ರಸ್ತೆಗಳಲ್ಲಿ ವಾಹನ ನಿಂತು ದಾರಿ ಕಿರಿದಾಗುತ್ತದೆ. ಶನಿವಾರ ಬಂದವರಿಗೆ ಇದು ಕಾಣುವುದೇ ಇಲ್ಲ. ನಮಗೆ ಇದನ್ನು ಹೇಳಿದ್ದು ಆಟೊ ಚಾಲಕರು. "ನಾಳೆ ಈ ರೋಡ್ ಬೇಡ ಸಾರ್, ಬಾಣಸವಾಡಿ ಕಡೆಯಿಂದ ಸುತ್ತಾಕಿ" ಎಂದರು. ಊರಿನವರ ಬಾಯಲ್ಲಿ ಬರುವ ಇಂಥ ಮಾತಿಗಾಗಿಯೇ ಹಿಂದಿನ ದಿನ ಹೋಗಬೇಕು.

ಹೊರ ವರ್ತುಲ ರಸ್ತೆಯಿಂದ ಬರುವವರಿಗೆ ಬೇರೆಯದೇ ಎಚ್ಚರಿಕೆ. ಹೆಬ್ಬಾಳದ ಕಡೆಯಿಂದಾಗಲಿ ಸಿಲ್ಕ್ ಬೋರ್ಡ್ ಕಡೆಯಿಂದಾಗಲಿ 500-D ಬಸ್ಸು ಕಲ್ಯಾಣ ನಗರದ ಮೇಲೆ ಹೋಗುತ್ತದೆ. ಮೆಟ್ರೊ ಕಾಮಗಾರಿಯ ತಡೆಗೋಡೆಗಳಿಂದಾಗಿ ರಸ್ತೆ ಕಿರಿದಾಗಿದೆ, ಕಾಮಗಾರಿ ಸಾಗಿದಂತೆ ಬಸ್ಸು ನಿಲ್ಲುವ ಜಾಗವೂ ಹಿಂದೆಮುಂದೆ ಆಗುತ್ತದೆ. ಕಾರಿನವರು ಮೇಲ್ಸೇತುವೆ ಹತ್ತಿಬಿಟ್ಟರೆ ಕೆಳಗಿನ ಸರ್ವಿಸ್ ರಸ್ತೆ ತಪ್ಪಿಹೋಗುತ್ತದೆ, ಮತ್ತೆ ತಿರುಗಿ ಬರಬೇಕಾದರೆ ಬಹಳ ದೂರ ಹೋಗಿ ಯು-ಟರ್ನ್ ಮಾಡಬೇಕು. ಇಳಿದ ಮೇಲೆ ಕೇಂದ್ರ ರಸ್ತೆಯ ಆಚೆ ಬದಿಗಿದ್ದರೆ ದಾಟುವುದು ಎಲ್ಲಿ ಎಂದು ಮೊದಲೇ ಗೊತ್ತಿರಬೇಕು. ಮ್ಯಾಪಿನಲ್ಲಿ ಐವತ್ತು ಮೀಟರ್ ಎಂದು ಕಾಣುವ ದೂರ ಹೊರ ವರ್ತುಲ ರಸ್ತೆಯನ್ನು ದಾಟುವಾಗ ಹದಿನೈದು ನಿಮಿಷವಾಗಬಲ್ಲದು. ಏಪ್ರಿಲ್, ಮೇ ತಿಂಗಳ ಪರೀಕ್ಷೆಗಳಿಗೆ ಮಳೆಯನ್ನೂ ಸೇರಿಸಿಕೊಳ್ಳಿ. ಪಕ್ಕದ ಹೊರಮಾವಿನ ಸಾಯಿ ಲೇಔಟ್ 2025ರ ಮೇ ತಿಂಗಳ ಮಳೆಗೆ ಮುಳುಗಿದ್ದು ಇನ್ನೂ ನೆನಪಿನಲ್ಲಿದೆ. ಆ ಭಾಗದಲ್ಲಿ ಕೇಂದ್ರವಿದ್ದರೆ ರೈಲ್ವೆ ಕೆಳಸೇತುವೆ ಇಲ್ಲದ ದಾರಿಯೊಂದನ್ನು ತಿಳಿದಿಟ್ಟುಕೊಳ್ಳಬೇಕು.

ದಾರಿ ಬಾಯಿಪಾಠ ಆಗಿರಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ, ಮತ್ತು ಅದು ಸಾಮಾನ್ಯವಾಗಿ ಯಾರ ತಲೆಗೂ ಬರುವುದಿಲ್ಲ. ಪರೀಕ್ಷಾ ಕೇಂದ್ರದೊಳಗೆ ಫೋನ್ ಬಿಡುವುದಿಲ್ಲ. ಹೊರಗೆ ಇಟ್ಟುಕೊಳ್ಳುವ ವ್ಯವಸ್ಥೆ ಎಲ್ಲ ಕಡೆ ಇರುವುದಿಲ್ಲ, ಇದ್ದರೂ ಹೊಣೆ ಯಾರದೂ ಅಲ್ಲ. ಒಬ್ಬರೇ ಬರುವ ಮಕ್ಕಳು ಫೋನನ್ನು ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಟ್ಟು ಬರುತ್ತಾರೆ. ಅಂದರೆ ಅಂದು ಅವರ ಕೈಯಲ್ಲಿ ಮ್ಯಾಪ್ ಇರುವುದಿಲ್ಲ, ಆಟೊ ಬುಕ್ ಮಾಡುವ ಆ್ಯಪ್ ಇರುವುದಿಲ್ಲ, ಮನೆಗೆ ಕರೆ ಮಾಡುವ ದಾರಿಯೂ ಇಲ್ಲ. ಇರುವುದು ಪ್ರವೇಶ ಪತ್ರ, ಗುರುತಿನ ಚೀಟಿ, ಪೆನ್ನು, ಒಂದಿಷ್ಟು ಹಣ. ಆ ದಿನ ಕೆಲಸಕ್ಕೆ ಬರುವ ಮ್ಯಾಪ್ ಎಂದರೆ ಹಿಂದಿನ ದಿನ ಕಣ್ಣಲ್ಲಿ ತುಂಬಿಕೊಂಡದ್ದು ಮಾತ್ರ. ಅಕ್ಕನ ಮಗಳಿಗೆ ಒಂದು ಹಾಳೆಯ ಮೇಲೆ ಬರೆಸಿದೆ: ಎಲ್ಲಿ ಇಳಿಯಬೇಕು, ಯಾವ ಔಷಧಿ ಅಂಗಡಿಯ ಹತ್ತಿರ ತಿರುಗಬೇಕು, ಎಷ್ಟನೇ ಕ್ರಾಸು, ಹಿಂದಿನ ಗೇಟು, ನನ್ನ ಫೋನ್ ನಂಬರ್. ಪರೀಕ್ಷೆ ಮುಗಿದ ಮೇಲೆ ನಾನೆಲ್ಲಿ ನಿಂತಿರುತ್ತೇನೆ ಎಂಬುದನ್ನೂ ಶನಿವಾರವೇ ತೋರಿಸಿದೆ. ಹಿಂದಿನ ಕ್ರಾಸಿನ ಮೂಲೆಯ ಬೇಕರಿಯ ಮುಂದೆ, ಬೇರೆಲ್ಲೂ ಅಲ್ಲ.

ಹಿಂದಿನ ದಿನ ಬರುವುದು ದುಬಾರಿ ಎಂದು ಊರಿನಲ್ಲಿ ಅನೇಕರು ಹೇಳುತ್ತಾರೆ. ಒಂದು ರಾತ್ರಿ ಉಳಿಯಬೇಕು, ಊಟದ ಖರ್ಚು, ಜೊತೆಗೆ ಬಂದವರಿಗೆ ಒಂದು ದಿನದ ಕೂಲಿ ನಷ್ಟ. ಅದು ನಿಜ. ಹಾಗಾಗಿಯೇ ರಾತ್ರಿ ರೈಲು ಹತ್ತಿ ಬೆಳಗ್ಗೆ ಇಳಿದು ನೇರ ಕೇಂದ್ರಕ್ಕೆ ಹೋಗುವ ರೂಢಿ ಬೆಳೆದಿದೆ. ಅದರಲ್ಲಿ ಏನಾಗಬಹುದು ಎಂಬುದನ್ನು 2019ರ ಮೇ 5ರ ಭಾನುವಾರ ಕರ್ನಾಟಕ ನೋಡಿತು. ಅಂದು ನೀಟ್ ಇತ್ತು. ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿ ಮೇಲೆ ಬರುವ ಹಂಪಿ ಎಕ್ಸ್‌ಪ್ರೆಸ್ ಬೆಳಗ್ಗೆ ಬೆಂಗಳೂರು ತಲುಪಬೇಕಿತ್ತು. ಗಂಟೆಗಟ್ಟಲೆ ತಡವಾಗಿ ಮಧ್ಯಾಹ್ನ ಬಂತು. ಗೇಟು ಮುಚ್ಚುವ ಒಂದೂವರೆ ಗಂಟೆ ದಾಟಿಹೋಗಿತ್ತು. ಉತ್ತರ ಕರ್ನಾಟಕದ ನೂರಾರು ಮಕ್ಕಳು ಪರೀಕ್ಷೆ ಬರೆಯಲಾಗಲಿಲ್ಲ. ಕೆಲವರ ಕೇಂದ್ರವನ್ನೂ ಕೊನೆಯ ಗಳಿಗೆಯಲ್ಲಿ ಬದಲಿಸಲಾಗಿತ್ತು ಎಂಬ ದೂರೂ ಅಂದು ಕೇಳಿಬಂತು. ವಿಷಯ ದೊಡ್ಡದಾಗಿ, ಕೇಂದ್ರ ಸರ್ಕಾರ ಅವರಿಗೆ ಇನ್ನೊಂದು ಅವಕಾಶ ಕೊಡಲು ಒಪ್ಪಿತು. ಫನಿ ಚಂಡಮಾರುತದಿಂದ ಪರೀಕ್ಷೆ ಮುಂದೂಡಲಾಗಿದ್ದ ಒಡಿಶಾದ ಮಕ್ಕಳ ಜೊತೆಗೆ ಮೇ 20ರಂದು ಅವರು ಬರೆದರು.

ಆ ಮಕ್ಕಳಿಗೆ ಮರುಪರೀಕ್ಷೆ ಸಿಕ್ಕಿದ್ದು ನೂರಾರು ಜನ ಒಟ್ಟಿಗೆ ತಪ್ಪಿಸಿಕೊಂಡದ್ದರಿಂದ, ತಡ ಆದದ್ದು ರೈಲು ಎಂದು ಎಲ್ಲರಿಗೂ ಕಂಡದ್ದರಿಂದ. ಎಚ್‌ಬಿಆರ್ ಬದಲು ಎಚ್‌ಆರ್‌ಬಿಆರ್‌ಗೆ ಹೋಗಿ ಹತ್ತು ನಿಮಿಷ ತಡವಾದ ಒಬ್ಬಳೇ ಹುಡುಗಿಗೆ ಯಾರೂ ಮರುಪರೀಕ್ಷೆ ಕೊಡುವುದಿಲ್ಲ. ಅವಳ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಶನಿವಾರ ರಾತ್ರಿ ಮಲಗುವ ಮುಂಚೆ ಪ್ರವೇಶ ಪತ್ರವನ್ನು ಜಾಲತಾಣದಿಂದ ಮತ್ತೊಮ್ಮೆ ಇಳಿಸಿಕೊಂಡು ಹಳೆಯದರ ಪಕ್ಕ ಇಟ್ಟು ನೋಡಿದೆವು. ಎರಡೂ ಒಂದೇ ಇತ್ತು. ಇದು ಅತಿಯಾಯಿತು ಎನಿಸಬಹುದು, ಆದರೆ ಕೇಂದ್ರ ಬದಲಾದಾಗ ಹೊಸ ಪ್ರವೇಶ ಪತ್ರ ಹಾಕಿ, ಎಸ್‌ಎಂಎಸ್ ಕಳಿಸಿದ್ದೇವೆ ಎಂದು ಹೇಳುವ ಸಂದರ್ಭಗಳಿವೆ. ಅರ್ಜಿ ತುಂಬುವಾಗ ಸೈಬರ್ ಅಂಗಡಿಯವರ ನಂಬರು ಕೊಟ್ಟ ಮಕ್ಕಳಿಗೆ ಆ ಎಸ್‌ಎಂಎಸ್ ಮುಟ್ಟುವುದೇ ಇಲ್ಲ. ಹತ್ತು ದಿನ ಮುಂಚೆ ಮುದ್ರಿಸಿದ ಹಾಳೆಯನ್ನೇ ನಂಬಿ ಹಿಂದಿನ ದಿನ ಹೋಗಿ ನೋಡಿ ಬಂದರೂ, ಅಷ್ಟರಲ್ಲಿ ಕೇಂದ್ರ ಬದಲಾಗಿದ್ದರೆ ನೋಡಿದ್ದೆಲ್ಲ ವ್ಯರ್ಥ. ಆದ್ದರಿಂದ ಹೋಗುವ ದಿನ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ.

ಭಾನುವಾರ ಎಂಟು ಐವತ್ತಕ್ಕೆ ಅವಳು ಹಿಂದಿನ ಗೇಟಿನ ಸಾಲಿನಲ್ಲಿದ್ದಳು. ನಾನು ಬೇಕರಿಯ ಮುಂದೆ ನಿಂತೆ. ಒಂಬತ್ತು ಇಪ್ಪತ್ತರ ಹೊತ್ತಿಗೆ ಬೀಗ ಹಾಕಿದ್ದ ಮುಂದಿನ ಗೇಟಿನ ಕಡೆಯಿಂದ ಹುಡುಗರು, ಹುಡುಗಿಯರು ಓಡಿ ಬರತೊಡಗಿದರು. ಒಬ್ಬ ತಂದೆ ಬೆವರು ಒರೆಸಿಕೊಳ್ಳುತ್ತಾ, ಮೊದಲು ಆ ಕಡೆಯ ಸ್ಕೂಲಿಗೆ ಹೋಗಿದ್ದೆವು ಎಂದರು. ನಾವು ಶನಿವಾರ ಹೋಗಿದ್ದ ಅದೇ ಆವರಣ. ಅವರ ಮಗ ಒಳಗೆ ಹೋದ. ಒಂಬತ್ತು ಮೂವತ್ತಕ್ಕೆ ಗೇಟು ಮುಚ್ಚಿತು. ಆಮೇಲೆ ಬಂದ ಇಬ್ಬರು ಹುಡುಗಿಯರು ಗೇಟಿನ ಸರಳು ಹಿಡಿದು ಕೇಳಿಕೊಂಡರು. ಒಳಗಿದ್ದವರಿಗೆ ತೆರೆಯುವ ಅಧಿಕಾರ ಇರಲಿಲ್ಲ, ತೆರೆಯಲಿಲ್ಲ. ಅವರಲ್ಲಿ ಒಬ್ಬಳ ಕೈಯಲ್ಲಿದ್ದ ಪ್ರವೇಶ ಪತ್ರದ ವಿಳಾಸ ನಮ್ಮದರಂತೆಯೇ ಇತ್ತು. ಬಡಾವಣೆಯ ಹೆಸರಿರಲಿಲ್ಲ.

ಪರೀಕ್ಷೆ ನಡೆಸುವ ಆಯೋಗ, ಪ್ರಾಧಿಕಾರಗಳಿಗೆ ಒಂದು ಕೋರಿಕೆ. ಕೇಂದ್ರ ನಿಗದಿ ಮಾಡುವಾಗ ನಿಮ್ಮ ಅಧಿಕಾರಿಗಳು ಆ ಕಟ್ಟಡವನ್ನು ನೋಡಿ ಬಂದಿರುತ್ತಾರೆ. ಅಭ್ಯರ್ಥಿಗಳನ್ನು ಬಿಡುವ ಗೇಟಿನ ಮುಂದೆ ನಿಂತು ಆ ಜಾಗದ ಲೊಕೇಶನ್ ಗುರುತಿಸಿಕೊಂಡು, ಪ್ರವೇಶ ಪತ್ರದಲ್ಲಿ ವಿಳಾಸದ ಕೆಳಗೆ ಕ್ಯುಆರ್ ಕೋಡ್ ಆಗಿ ಮುದ್ರಿಸಿ. ಬಡಾವಣೆಯ ಹೆಸರನ್ನೂ, ಗೇಟು ಯಾವ ರಸ್ತೆಗಿದೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಅಲ್ಲಿಯವರೆಗೆ, ಮುಂದಿನ ಭಾನುವಾರ ಪರೀಕ್ಷೆ ಇರುವ ಮಕ್ಕಳೇ, ಶನಿವಾರವೇ ಹೋಗಿ ಆ ಗೇಟನ್ನು ಮುಟ್ಟಿ ಬನ್ನಿ.